ಕಾಕಾನ ಸಿಮ್ ಸತ್ತಿತು, ಮರುದಿನ ಮೇಲ್ ಹೋಯಿತು. ಎಸ್ಸೆಮ್ಮೆಸ್ ಒಟಿಪಿ ಇದ್ದರೂ ಹೇಗೆ?

ಕರದಂಟು ಹುಡುಗ, ಬಾಗಲಕೋಟೆ

ನಮಸ್ಕಾರ್ರೀ ಎಲ್ಲರಿಗೂ. ನಮ್ಮ ಕಾಕಾ ವಿಜಯಪುರದಲ್ಲಿ ಒಣದ್ರಾಕ್ಷಿ ದಲಾಲಿ ಅಂಗಡಿ ಇಟ್ಟಿದ್ದಾರೆ. ಹೋದ ತಿಂಗಳು ಅವರ ಮೇಲ್ ಅಕೌಂಟ್ ಕೈತಪ್ಪಿ ಹೋಯಿತು. ಪಾಸ್‌ವರ್ಡ್ ಜೊತೆಗೆ ಎಸ್ಸೆಮ್ಮೆಸ್ ಒಟಿಪಿ ಹಾಕಿಕೊಟ್ಟವನು ನಾನೇ. "ಇನ್ನು ಯಾರೂ ಮುಟ್ಟೋದಿಲ್ಲ ಬಿಡಿ" ಅಂದವನೂ ನಾನೇ. ಈಗ ಮನೆಯಲ್ಲಿ ಊಟಕ್ಕೆ ಕೂತಾಗೆಲ್ಲ ಆ ಮಾತು ವಾಪಸ್ ಬರುತ್ತದೆ.

ಆಗಿದ್ದು ಹೀಗೆ. ಶನಿವಾರ ಸಂಜೆ ಏಳರ ಸುಮಾರಿಗೆ ಕಾಕಾನ ಫೋನಿನಲ್ಲಿ ಸಿಗ್ನಲ್ ಹೋಯಿತು. ಮಳೆ ಜೋರಿತ್ತು, ಟವರ್ ಕೆಟ್ಟಿರಬೇಕು ಅಂದುಕೊಂಡು ಉಂಡು ಮಲಗಿದರು. ಭಾನುವಾರ ಅಂಗಡಿ ಇಲ್ಲ, ಮನೆಯ ವೈಫೈನಲ್ಲಿ ವಾಟ್ಸಾಪ್ ನಡೀತಿತ್ತು, ಹಾಗಾಗಿ ತಲೆ ಕೆಡಿಸಿಕೊಳ್ಳಲಿಲ್ಲ. ಭಾನುವಾರ ರಾತ್ರಿ ಒಂಬತ್ತಕ್ಕೆ ಮೇಲ್ ತಾನೇ ಲಾಗೌಟ್ ಆಯಿತು. ಸೋಮವಾರ ಬೆಳಗ್ಗೆ ಸಾಂಗ್ಲಿಯ ವ್ಯಾಪಾರಿಯೊಬ್ಬರು ಕಾಕೂನ ಫೋನಿಗೆ ಕರೆ ಮಾಡಿ, "ನಿಮ್ಮ ಬ್ಯಾಂಕ್ ಖಾತೆ ಬದಲಾಗಿದೆ ಅಂತ ಮೇಲ್ ಬಂದಿದೆ, ಹೊಸದಕ್ಕೇ ಹಣ ಹಾಕಲಾ?" ಅಂತ ಕೇಳಿದರು. ಅವರು ಕೇಳಿದ್ದಕ್ಕೆ ಬಚಾವ್.

ಸಿಮ್ ಅಂಗಡಿಗೆ ಹೋದರೆ, ನಿಮ್ಮ ನಂಬರಿಗೆ ಶನಿವಾರವೇ ಹೊಸ ಸಿಮ್ ಕೊಟ್ಟಾಗಿದೆ ಅಂದರು. ಕಾಕಾ ಯಾರಿಗೂ ಒಟಿಪಿ ಹೇಳಿಲ್ಲ. ನನ್ನ ಪ್ರಶ್ನೆ ಇಷ್ಟೇ: ಒಟಿಪಿ ಆ್ಯಪ್ ಇದ್ದಿದ್ದರೆ ಉಳೀತಿತ್ತಾ, ಅಥವಾ ಕಂಪ್ಯೂಟರಿಗೆ ಚುಚ್ಚುವ ಆ ಯುಎಸ್‌ಬಿ ಕೀ ಅಂತ ಬರುತ್ತದಲ್ಲ, ಅದೇ ಬೇಕಿತ್ತಾ?

ನಿವೃತ್ತ ಮಾಸ್ತರ, ಮುಧೋಳ

ತಮ್ಮಾ, ಒಟಿಪಿಯನ್ನು ಯಾರಿಗೂ ಹೇಳಬಾರದು ಅಂತ ಬ್ಯಾಂಕಿನವರು ದಿನಾ ಮೆಸೇಜ್ ಕಳಿಸ್ತಾರೆ. ನಿಮ್ಮ ಕಾಕಾ ಹೇಳಿರಬೇಕು, ಈಗ ಒಪ್ಪಿಕೊಳ್ಳೋಕೆ ನಾಚಿಕೆ.

ಕರದಂಟು ಹುಡುಗ, ಬಾಗಲಕೋಟೆ

ಮಾಸ್ತರೇ, ಅವರ ಫೋನಿನಲ್ಲಿ ಸಿಗ್ನಲ್ಲೇ ಇರಲಿಲ್ಲ. ಹೇಳೋಕಾದರೂ ಮೊದಲು ಒಟಿಪಿ ಬರಬೇಕಲ್ರೀ.

ಕುಂದಾ ಪ್ರಿಯೆ, ಬೆಳಗಾವಿ

ಕಾಲೇಜೊಂದರ ಸರ್ವರ್, ಮೇಲ್ ಎಲ್ಲ ನೋಡಿಕೊಳ್ಳೋದು ನನ್ನ ಕೆಲಸ. ಇಂಥ ಕೇಸು ವರ್ಷಕ್ಕೆ ಒಂದೆರಡು ನನ್ನ ಮೇಜಿಗೆ ಬರುತ್ತವೆ. ಮಾಸ್ತರ ಮಾತು ಸಾಮಾನ್ಯವಾಗಿ ಸರಿ, ಆದರೆ ಇಲ್ಲಿ ಕಾಕಾ ಏನೂ ತಪ್ಪು ಮಾಡದೆಯೇ ಕೆಲಸ ಕೆಟ್ಟಿದೆ.

ಎಸ್ಸೆಮ್ಮೆಸ್ ಒಟಿಪಿ ನಿಮ್ಮ ಫೋನಿಗೆ ಬರುತ್ತದೆ ಅಂದುಕೊಳ್ಳುತ್ತೇವೆ. ಅದು ಬರೋದು ನಿಮ್ಮ ನಂಬರಿಗೆ. ಆ ನಂಬರ್ ಸದ್ಯಕ್ಕೆ ಯಾವ ಸಿಮ್‌ನಲ್ಲಿದೆ ಅನ್ನೋದನ್ನು ಬರೆದಿಟ್ಟುಕೊಂಡಿರೋದು ಸಿಮ್ ಕಂಪನಿಯ ಕಂಪ್ಯೂಟರ್. ಅಲ್ಲಿ ಒಂದು ಸಾಲು ಬದಲಾಯಿಸಿದರೆ ಸಾಕು, ಕಾಕಾನ ಸಿಮ್ ಸತ್ತು ಇನ್ಯಾರದೋ ಕೈಯಲ್ಲಿರೋ ಸಿಮ್ ಜೀವ ಪಡೆಯುತ್ತದೆ. ಆ ಸಾಲನ್ನು ಬದಲಾಯಿಸುವ ಅಧಿಕಾರ ಊರೂರಿನ ಕೌಂಟರುಗಳಲ್ಲಿ ಕೂತವರಿಗೆ ಇರುತ್ತದೆ. ಇದಕ್ಕೆ ಫೋನ್ ಕದಿಯೋದೂ ಬೇಡ, ಯಾವ ಕೋಡ್ ಒಡೆಯೋದೂ ಬೇಡ. "ನನ್ನ ಸಿಮ್ ಕಳೆದುಹೋಗಿದೆ" ಅಂತ ಒಂದು ನಕಲಿ ಗುರುತಿನ ಚೀಟಿ ತೋರಿಸಿ ನಂಬಿಸಿದರೆ, ಅಥವಾ ಕೌಂಟರಿನ ಒಬ್ಬರ ಕೈ ಬಿಸಿ ಮಾಡಿದರೆ ಮುಗೀತು.

ಒಂದು ವಿಷಯ ಹೇಳಿ ತಮ್ಮಾ. ಪಾಸ್‌ವರ್ಡ್ ಮರೆತರೆ ಬದಲಾಯಿಸೋಕೆ ಕೊಟ್ಟ ನಂಬರೂ ಅದೇನಾ?

ಕರದಂಟು ಹುಡುಗ, ಬಾಗಲಕೋಟೆ

ಹೌದು ಅಕ್ಕಾ, ಅದೊಂದೇ ನಂಬರ್. ಬಿಲ್ ಬುಕ್ಕಿನ ಮೇಲೆ ಮೇಲ್ ವಿಳಾಸವೂ ಆ ನಂಬರೂ ಎರಡೂ ಅಚ್ಚಾಗಿವೆ.

ಕುಂದಾ ಪ್ರಿಯೆ, ಬೆಳಗಾವಿ

ಹಾಗಾದರೆ ನೀವು ಎರಡು ಬೀಗ ಹಾಕಿದ್ದೀರಿ ಅಂದುಕೊಂಡಿದ್ದಿರಿ, ಇದ್ದದ್ದು ಒಂದೇ. ಎಷ್ಟೋ ಸೇವೆಗಳಲ್ಲಿ "ಪಾಸ್‌ವರ್ಡ್ ಮರೆತೆ" ಅಂದರೆ ಎಸ್ಸೆಮ್ಮೆಸ್ ಬರುತ್ತದೆ, ಹೊಸ ಪಾಸ್‌ವರ್ಡ್ ಇಡಬಹುದು, ಆಮೇಲೆ ಎರಡನೇ ಹಂತಕ್ಕೂ ಅದೇ ನಂಬರಿಗೆ ಇನ್ನೊಂದು ಎಸ್ಸೆಮ್ಮೆಸ್. ನಂಬರ್ ಸಿಕ್ಕವನಿಗೆ ಎರಡೂ ಬಾಗಿಲು ತೆರೆದವು. ಪಾಸ್‌ವರ್ಡ್ ಎಷ್ಟು ಗಟ್ಟಿ ಇತ್ತು ಅನ್ನೋ ಪ್ರಶ್ನೆಯೇ ಬರೋದಿಲ್ಲ.

ಮೊಬೈಲ್ ರಿಪೇರಿ, ಇಳಕಲ್

ಸಿಮ್ ವಿಷಯ ಬಂತಲ್ಲ, ನಾನೂ ಹೇಳ್ತೀನಿ. ಅಂಗಡಿ ಇಟ್ಟು ಹನ್ನೊಂದು ವರ್ಷ ಆಯ್ತು.

ಸಿಮ್ ಬದಲಾದ ಮೇಲೆ ಮೊದಲ 24 ತಾಸು ಆ ಹೊಸ ಸಿಮ್‌ಗೆ ಎಸ್ಸೆಮ್ಮೆಸ್ ಬರೋದೂ ಇಲ್ಲ, ಹೋಗೋದೂ ಇಲ್ಲ. ಇದೇ ಮೋಸ ತಡೆಯೋಕೆ ಟೆಲಿಕಾಂ ಇಲಾಖೆ ಮಾಡಿದ ನಿಯಮ. ಈಗ ಕಾಕಾನ ಲೆಕ್ಕ ನೋಡಿ. ಸಿಗ್ನಲ್ ಹೋಗಿದ್ದು ಶನಿವಾರ ಸಂಜೆ ಏಳು. ಮೇಲ್ ಹೋಗಿದ್ದು ಭಾನುವಾರ ರಾತ್ರಿ ಒಂಬತ್ತು. 26 ತಾಸು. ಅವನು ಕಾದು ಕೂತಿದ್ದಾನೆ! ಶನಿವಾರ ಸಂಜೆ ಆರಿಸಿಕೊಂಡಿದ್ದೂ ಸುಮ್ನೆ ಅಲ್ಲ, ಭಾನುವಾರ ಯಾರೂ ಸಿಮ್ ಅಂಗಡಿಗೆ ಓಡೋದಿಲ್ಲ ಅಂತ.

ಆ 24 ತಾಸು ನಿಮಗೆ ಸಿಕ್ಕ ಅವಕಾಶ. ಟವರ್ ಕೆಟ್ಟಿದೆಯೋ ಸಿಮ್ ಸತ್ತಿದೆಯೋ ಅಂತ ತಿಳಿಯೋಕೆ ಮನೆಯಲ್ಲಿ ಅದೇ ಕಂಪನಿಯ ಇನ್ನೊಂದು ಸಿಮ್ ಇದ್ದರೆ ನೋಡಿ. ಅದರಲ್ಲಿ ಪೂರ್ತಿ ಕಡ್ಡಿ ಇದ್ದು ನಿಮ್ಮದರಲ್ಲಿ ಒಂದೂ ಇಲ್ಲ, ಫೋನ್ ಆಫ್ ಮಾಡಿ ಆನ್ ಮಾಡಿದರೂ ಬರೋದಿಲ್ಲ ಅಂದರೆ ಆ ಹೊತ್ತಿಗೇ ಬೇರೆ ಫೋನಿನಿಂದ ಕಸ್ಟಮರ್ ಕೇರ್‌ಗೆ ಕರೆ ಮಾಡಿ ನಂಬರ್ ಬಂದ್ ಮಾಡಿಸಬೇಕು. ವೈಫೈ ವಾಟ್ಸಾಪ್ ನಡೆಯೋದನ್ನು ನಂಬಬೇಡಿ. ಅದಕ್ಕೂ ಸಿಮ್‌ಗೂ ಆ ಹೊತ್ತಿಗೆ ಸಂಬಂಧ ಇಲ್ಲ.

ಸಿಮ್ ಬದಲಿಸುವ ಅರ್ಜಿ ಬಂದಿದೆ ಅಂತ ಕಾಕಾನ ಹಳೇ ಸಿಮ್‌ಗೆ ಶನಿವಾರ ಮಧ್ಯಾಹ್ನ ಏನಾದರೂ ಮೆಸೇಜ್ ಅಥವಾ ಕಂಪ್ಯೂಟರ್ ಕರೆ ಬಂದಿತ್ತಾ ಕೇಳಿ ನೋಡಿ.

ಕರದಂಟು ಹುಡುಗ, ಬಾಗಲಕೋಟೆ

ಅಣ್ಣಾ, ಅವರ ಇನ್‌ಬಾಕ್ಸ್‌ನಲ್ಲಿ ಓದದೇ ಬಿಟ್ಟ ಮೆಸೇಜ್ ನಾನೂರರ ಮೇಲಿವೆ. "ಯಾರೋ ಒಂದು ಒತ್ತಿ ಅಂದರು, ಒತ್ತಿದೆನೋ ಇಲ್ಲವೋ ನೆನಪಿಲ್ಲ" ಅಂತಾರೆ. ಇದರ ಮೇಲೆ ಇನ್ನು ಕೇಳೋಕೆ ನನಗೆ ಧೈರ್ಯ ಇಲ್ಲ.

ಗುಮ್ಮಟದ ಪ್ರತಿಧ್ವನಿ, ವಿಜಯಪುರ

ನೀವೆಲ್ಲ ಸಿಮ್ ಅಂಗಡಿಯಲ್ಲೇ ಸಿಕ್ಕಿಹಾಕಿಕೊಂಡಿದ್ದೀರಿ. ಅಸಲಿ ತೊಂದರೆ ಎಸ್‌ಎಸ್7. ಟೆಲಿಕಾಂ ಕಂಪನಿಗಳು ಒಂದಕ್ಕೊಂದು ಮಾತಾಡುವ ಆ ಹಳೇ ವ್ಯವಸ್ಥೆ 1970ರ ದಶಕದ್ದು, ಅದರೊಳಗೆ ಹೊಕ್ಕವರು ಪ್ರಪಂಚದ ಯಾವ ಮೂಲೆಯಿಂದಲೂ ನಿಮ್ಮ ಎಸ್ಸೆಮ್ಮೆಸ್ ಓದಬಹುದು. 2017ರಲ್ಲಿ ಜರ್ಮನಿಯಲ್ಲಿ ಹೀಗೇ ಜನರ ಬ್ಯಾಂಕ್ ಖಾತೆ ಖಾಲಿ ಮಾಡಿದ್ದಾರೆ.

ಇನ್ನು ಆ್ಯಪ್ ಹಾಕಿ ಅನ್ನೋರಿಗೆ ಒಂದು ಮಾತು. ನಕಲಿ ಲಾಗಿನ್ ಪೇಜ್ ತೋರಿಸಿದರೆ ನೀವು ಆ್ಯಪಿನ ಕೋಡನ್ನೂ ಅಲ್ಲೇ ಟೈಪ್ ಮಾಡ್ತೀರಿ, ಅವನು ಅದನ್ನು ಅಸಲಿ ಸೈಟಿನಲ್ಲಿ ಹಾಕ್ತಾನೆ. ಹಾಗಾಗಿ ಆ್ಯಪ್ ಮತ್ತು ಎಸ್ಸೆಮ್ಮೆಸ್ ಎರಡೂ ಒಂದೇ. ಸುಮ್ನೆ ಜನರ ತಲೆ ತಿನ್ನಬೇಡಿ.

ಕುಂದಾ ಪ್ರಿಯೆ, ಬೆಳಗಾವಿ

ಅರ್ಧ ಸರಿ ಹೇಳಿದ್ದೀರಿ, ಆ ಅರ್ಧವನ್ನು ಬಿಡೋದಿಲ್ಲ.

ಜರ್ಮನಿಯದು ನಿಜ. ಆದರೆ ಎಸ್‌ಎಸ್7 ಒಳಗೆ ಕೈ ಹಾಕೋದಕ್ಕೆ ದುಡ್ಡು, ಸಂಪರ್ಕ ಬೇಕು. ಒಣದ್ರಾಕ್ಷಿ ಅಂಗಡಿಯ ಮೇಲ್ ಕದಿಯೋಕೆ ಯಾರೂ ಅಷ್ಟು ದೂರ ಹೋಗೋದಿಲ್ಲ, ಕೌಂಟರ್ ಹತ್ತಿರ ಇರುವಾಗ.

ಎರಡೂ ಒಂದೇ ಅಂದಿರಲ್ಲ, ಅಲ್ಲಿ ನಿಲ್ಲಿ. ಆ್ಯಪ್ ಸೇರಿಸುವಾಗ ಒಂದು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡ್ತೀವಿ. ಅದನ್ನು ಬಿಡಿಸಿದರೆ ಒಳಗೆ ಇರೋದು ಇಂಥ ಒಂದು ಸಾಲು:

```
otpauth://totp/Angadi:kaka@example.com?secret=JBSWY3DPEHPK3PXP&issuer=Angadi
```

`secret=` ಆದ ಮೇಲೆ ಇರೋದೇ ಗುಟ್ಟು. ಇದು ಒಂದೇ ಸಲ, ಆ ದಿನ, ಸೈಟಿನಿಂದ ಫೋನಿಗೆ ದಾಟುತ್ತದೆ. ಆಮೇಲೆ ಸೈಟೂ ಫೋನೂ ತಮ್ಮ ತಮ್ಮ ಗಡಿಯಾರ ನೋಡಿಕೊಂಡು, ಆ ಗುಟ್ಟನ್ನೂ ಆಗಿನ ಹೊತ್ತನ್ನೂ ಕೂಡಿಸಿ, 30 ಸೆಕೆಂಡಿಗೊಮ್ಮೆ ಬೇರೆ ಬೇರೆಯಾಗಿಯೇ ಲೆಕ್ಕ ಹಾಕ್ತವೆ. ಉತ್ತರ ಎರಡೂ ಕಡೆ ಒಂದೇ ಬರುತ್ತದೆ, ಆರು ಅಂಕಿ. ಯಾರೂ ಯಾರಿಗೂ ಏನನ್ನೂ ಕಳಿಸೋದಿಲ್ಲ. ನಂಬಿಕೆ ಬರದಿದ್ದರೆ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ ಆ್ಯಪ್ ತೆರೆಯಿರಿ, ಕೋಡ್ ಓಡ್ತಾನೇ ಇರುತ್ತದೆ. ಫೋನಿನ ಗಡಿಯಾರ ಕೆಲವು ನಿಮಿಷ ಹಿಂದೆ ಮುಂದೆ ಆಗಿದ್ದರೆ ಮಾತ್ರ ಕೋಡ್ ತಪ್ಪು ಅನ್ನುತ್ತದೆ. "ಆ್ಯಪ್ ಕೆಟ್ಟಿದೆ" ಅಂತ ನನ್ನ ಹತ್ತಿರ ಬರೋರಲ್ಲಿ ಎಷ್ಟೋ ಜನರದ್ದು ಇದೇ ಕಥೆ.

ಹಾಗಾಗಿ ಕಾಕಾನ ನಂಬರಿಗೆ ಹತ್ತು ಹೊಸ ಸಿಮ್ ಮಾಡಿಸಿದರೂ ಈ ಕೋಡ್ ಆ ಸಿಮ್‌ಗೆ ಹೋಗೋದಿಲ್ಲ, ಯಾಕೆಂದರೆ ಅದು ನಂಬರಿಗೆ ಕಟ್ಟಿದ್ದೇ ಅಲ್ಲ. ಶನಿವಾರದ ಆ ಕಳ್ಳನನ್ನು ತಡೆಯೋಕೆ ಇದು ಸಾಕಿತ್ತು.

ನಕಲಿ ಪೇಜಿನ ಮುಂದೆ ಆ್ಯಪೂ ಸೋಲುತ್ತದೆ ಅನ್ನೋದನ್ನು ಒಪ್ಪುತ್ತೇನೆ. 30 ಸೆಕೆಂಡ್ ಅಂದರೆ ಕಳ್ಳನಿಗೆ ಕಮ್ಮಿ ಸಮಯ ಅಲ್ಲ. ಅವನ ಕಡೆ ಕೂತು ಟೈಪ್ ಮಾಡೋದು ಮನುಷ್ಯನೇ ಆಗಬೇಕು ಅಂತಿಲ್ಲ.

ಮೊಬೈಲ್ ರಿಪೇರಿ, ಇಳಕಲ್

ನಮ್ಮ ಅಂಗಡಿಗೆ ಬರೋ ಕೇಸು ಸಿಮ್‌ಗಿಂತ ಜಾಸ್ತಿ ಲಗ್ನಪತ್ರಿಕೆದು. ವಾಟ್ಸಾಪಿನಲ್ಲಿ "ಮದುವೆಗೆ ಬನ್ನಿ" ಅಂತ ಒಂದು ಎಪಿಕೆ ಫೈಲು ಬರುತ್ತದೆ, ಒತ್ತಿದರೆ ಎಸ್ಸೆಮ್ಮೆಸ್ ಓದೋಕೆ ಅನುಮತಿ ಕೇಳುತ್ತದೆ, ಕೊಟ್ಟರೆ ಬಂದ ಒಟಿಪಿಯನ್ನೆಲ್ಲ ಅದು ಆ ಕಡೆ ದಾಟಿಸುತ್ತದೆ. ಟ್ರಾಫಿಕ್ ದಂಡದ ಹೆಸರಿನಲ್ಲೂ ಬರುತ್ತದೆ. ಸಿಮ್ ನಿಮ್ಮ ಕೈಯಲ್ಲೇ ಇರುತ್ತದೆ, ಸಿಗ್ನಲ್ ಪೂರ್ತಿ ಇರುತ್ತದೆ, ಏನೂ ಗೊತ್ತೇ ಆಗೋದಿಲ್ಲ.

ಅಕ್ಕಾರೆ, ಒಟಿಪಿ ಆ್ಯಪಿನ ಕೋಡನ್ನೂ ಅದು ಓದುತ್ತದಾ?

ಕುಂದಾ ಪ್ರಿಯೆ, ಬೆಳಗಾವಿ

ಎಸ್ಸೆಮ್ಮೆಸ್ ಅನುಮತಿ ಒಂದರಿಂದಲೇ ಓದೋಕೆ ಬರೋದಿಲ್ಲ. ಆಂಡ್ರಾಯ್ಡಿನಲ್ಲಿ ಒಂದು ಆ್ಯಪ್ ಇನ್ನೊಂದರ ಒಳಗೆ ಕೈ ಹಾಕಲಾರದು. ಆದರೆ ಅದೇ ಎಪಿಕೆ "ಆಕ್ಸೆಸಿಬಿಲಿಟಿ" ಅನುಮತಿಯನ್ನೂ ಕೇಳಿ ಪಡೆದರೆ ಪರದೆ ಮೇಲೆ ಕಾಣೋದನ್ನೆಲ್ಲ ಓದಬಹುದು, ಆಗ ಆ್ಯಪ್ ತೆರೆದಾಗ ಕೋಡೂ ಸಿಗುತ್ತದೆ. ಅಂಥ ಫೋನನ್ನು ನಿಮ್ಮಂಥವರ ಹತ್ತಿರ ತಂದು ಪೂರ್ತಿ ತೊಳೆಸಬೇಕು, ಬೇರೆ ದಾರಿ ಇಲ್ಲ.

ಘಟಪ್ರಭೆಯ ದಂಡೆ, ಗೋಕಾಕ

ಆ್ಯಪ್ ಹೊಗಳೋರು ನನ್ನದೂ ಸ್ವಲ್ಪ ಕೇಳ್ರಿ. ಜಾತ್ರೆಯಲ್ಲಿ ಫೋನ್ ಹೋಯಿತು. ನಂಬರಿನದು ಎರಡು ದಿನದಲ್ಲಿ ಹೊಸ ಸಿಮ್ ಬಂತು, ಬ್ಯಾಂಕ್ ಪ್ಯಾಂಕ್ ಎಲ್ಲ ಸರಿಯಾಯ್ತು. ಆ್ಯಪಿನಲ್ಲಿದ್ದ ಏಳು ಅಕೌಂಟ್ ಮಾತ್ರ ಹೊರಗೇ ನಿಂತವು. ಫೋನ್ ಕಳೆದರೆ ಒಳಗೆ ಹೋಗೋಕೆ ಬ್ಯಾಕಪ್ ಕೋಡ್ ಇಟ್ಟುಕೊಳ್ಳಿ ಅಂತ ಸೇರಿಸುವಾಗಲೇ ಹೇಳಿತ್ತು, ನಾನೂ ಇಟ್ಟುಕೊಂಡಿದ್ದೆ, ಅದೇ ಫೋನಿನ ಗ್ಯಾಲರಿಯಲ್ಲಿ ಸ್ಕ್ರೀನ್‌ಶಾಟ್ ಮಾಡಿ! ಒಂದು ಅಕೌಂಟ್ ಇನ್ನೂ ವಾಪಸ್ ಬಂದಿಲ್ಲ. ಆದ್ದರಿಂದ ನಾನು ಎಸ್ಸೆಮ್ಮೆಸ್ಸೇ ವಾಸಿ ಅನ್ನುವ ಪಾರ್ಟಿ.

ಮೊಬೈಲ್ ರಿಪೇರಿ, ಇಳಕಲ್

ಅಣ್ಣಾ, ಕಳ್ಳ ನಿಮ್ಮ ಸಿಮ್ ತೆಗೆದು ಅವನ ಫೋನಿಗೆ ಹಾಕಿದ್ದರೆ ಆ ಎರಡು ದಿನ ನಿಮ್ಮ ಎಸ್ಸೆಮ್ಮೆಸ್ ಎಲ್ಲ ಅವನಿಗೇ. ಫೋನಿಗೆ ಲಾಕ್ ಇದ್ದರೂ ಸಿಮ್‌ಗೆ ಲಾಕ್ ಇರೋದಿಲ್ಲ. ಸೆಟ್ಟಿಂಗಿನಲ್ಲಿ ಸಿಮ್ ಲಾಕ್ ಅಂತ ಇದೆ, ಹಾಕಿಕೊಳ್ಳಿ. ಕಂಪನಿ ಕೊಟ್ಟ ಮೊದಲ ಪಿನ್ ಯಾವುದು ಅಂತ ಕೇಳಿಕೊಂಡೇ ಮುಟ್ಟಿ, ಮೂರು ಸಲ ತಪ್ಪಿದರೆ ಪಿಯುಕೆ ಕೇಳುತ್ತದೆ, ಆಗ ನನ್ನ ಅಂಗಡಿಯೇ ಗತಿ.

ಕುಂದಾ ಪ್ರಿಯೆ, ಬೆಳಗಾವಿ

ಗೋಕಾಕದ ಅಣ್ಣನ ತೊಂದರೆ ನಿಜವಾದದ್ದು, ಆ್ಯಪಿನ ದೊಡ್ಡ ದೌರ್ಬಲ್ಯವೇ ಅದು. ಎಸ್ಸೆಮ್ಮೆಸ್ ಸುಲಭವಾಗಿ ವಾಪಸ್ ಬರುತ್ತದೆ, ನಿಮಗೂ, ಕಳ್ಳನಿಗೂ. ಆ್ಯಪ್ ಇಬ್ಬರಿಗೂ ಸುಲಭವಾಗಿ ಬರೋದಿಲ್ಲ. ಕೋಡುಗಳನ್ನು ಕಾಗದದ ಮೇಲೆ ಬರೆದು ಖಾತೆ ಪುಸ್ತಕದ ಜೊತೆ ಇಡಿ. ಸೇರಿಸುವಾಗಿನ ಕ್ಯೂಆರ್ ಚಿತ್ರವನ್ನು ಮಾತ್ರ ಗ್ಯಾಲರಿಯಲ್ಲಾಗಲಿ ವಾಟ್ಸಾಪಿನಲ್ಲಾಗಲಿ ಇಡಬೇಡಿ, ಅದು ಸಿಕ್ಕವನ ಫೋನಿನಲ್ಲೂ ನಿಮ್ಮದೇ ಕೋಡ್ ಓಡೋಕೆ ಶುರುವಾಗುತ್ತದೆ.

ಎಸ್ಸೆಮ್ಮೆಸ್ ಏನಕ್ಕೂ ಬಾರದು ಅಂತಲೂ ನಾನು ಹೇಳೋದಿಲ್ಲ. ಗೂಗಲ್ 2019ರಲ್ಲಿ ತನ್ನ ಅಂಕಿ ಬಿಟ್ಟಿತ್ತು. ಯಾರನ್ನೂ ಆರಿಸದೆ ಬಲೆ ಬೀಸುವ ನಕಲಿ ಪೇಜುಗಳಲ್ಲಿ ನೂರಕ್ಕೆ 96ನ್ನು ಎಸ್ಸೆಮ್ಮೆಸ್ ಕೋಡ್ ತಡೆದಿತ್ತು. ಒಬ್ಬರನ್ನೇ ಗುರಿ ಇಟ್ಟು ಬಂದಾಗ ಅದು 76ಕ್ಕೆ ಇಳಿಯಿತು. ಕಾಕಾನ ವಿಷಯದಲ್ಲಿ ಬಂದವನು ಅವರನ್ನೇ ಹುಡುಕಿಕೊಂಡು ಬಂದಿದ್ದ, ಬಿಲ್ ಬುಕ್ ನೋಡಿಕೊಂಡು.

ನಿವೃತ್ತ ಮಾಸ್ತರ, ಮುಧೋಳ

ಆಯ್ತಮ್ಮಾ, ನನ್ನ ಮಾತು ವಾಪಸ್. ಈಗ ಆ ಕೀ ವಿಷಯ ಹೇಳು. ನಮ್ಮ ಕಡೆ ಕೀಲಿ ಅಂದರೆ ಬೀಗ, ಇದು ಕೀಲಿಕೈ ಇರಬೇಕು. ಕೋಡನ್ನು ಟೈಪ್ ಮಾಡಿದರೆ ಮೋಸ ಆಗುತ್ತದೆ ಅಂದಮೇಲೆ ಕೀಲಿಕೈ ಚುಚ್ಚಿದರೂ ಮೋಸ ಆಗಲೇಬೇಕಲ್ಲ? ನಕಲಿ ಪೇಜಿನ ಮುಂದೆ ಕೂತು ಚುಚ್ಚಿದರೆ?

ಕುಂದಾ ಪ್ರಿಯೆ, ಬೆಳಗಾವಿ

ಮಾಸ್ತರೇ, ಇಡೀ ಚರ್ಚೆಯಲ್ಲಿ ಇದೇ ಸರಿಯಾದ ಪ್ರಶ್ನೆ. ನಡೆದ ಒಂದು ಘಟನೆಯನ್ನೇ ಇಟ್ಟುಕೊಂಡು ಹೇಳ್ತೀನಿ.

2022ರ ಜುಲೈನಲ್ಲಿ ಕ್ಲೌಡ್‌ಫ್ಲೇರ್ ಕಂಪನಿಯ ಕನಿಷ್ಠ 76 ನೌಕರರ ಫೋನಿಗೆ ಒಂದೇ ಹೊತ್ತಿಗೆ ಮೆಸೇಜ್ ಬಂತು. ಅದರಲ್ಲಿದ್ದ ಕೊಂಡಿ `cloudflare-okta.com`. ಅವರು ದಿನಾ ಲಾಗಿನ್ ಆಗುವ ಪೇಜಿನಂತೆಯೇ ಕಾಣುವ ಪೇಜು. ಆ ವಿಳಾಸವನ್ನು ನೋಂದಾಯಿಸಿ ಇನ್ನೂ ಒಂದು ತಾಸೂ ಆಗಿರಲಿಲ್ಲ. ಮೂವರು ಮೋಸ ಹೋಗಿ ಹೆಸರು, ಪಾಸ್‌ವರ್ಡ್ ಟೈಪ್ ಮಾಡಿದರು. ಟೈಪ್ ಮಾಡಿದ್ದು ಆ ಕ್ಷಣವೇ ಕಳ್ಳರ ಟೆಲಿಗ್ರಾಂಗೆ ಹೋಗುತ್ತಿತ್ತು, ಅವರು ಅಸಲಿ ಪೇಜಿನಲ್ಲಿ ಅದನ್ನು ಹಾಕುತ್ತಿದ್ದರು. ಆಮೇಲೆ ನಕಲಿ ಪೇಜು ಆ್ಯಪ್ ಕೋಡ್ ಕೇಳುತ್ತಿತ್ತು. ಪ್ರತಿಧ್ವನಿಯವರು ಹೇಳಿದ ಆಟವೇ ಇದು.

ಆದರೆ ಆ ಕಂಪನಿಯಲ್ಲಿ ಕೋಡೇ ಇರಲಿಲ್ಲ, ಎಲ್ಲರಿಗೂ ಕೀ ಕೊಟ್ಟಿದ್ದರು. ಕಳ್ಳರ ಕೈಯಲ್ಲಿ ಮೂವರ ಪಾಸ್‌ವರ್ಡ್ ಇತ್ತು, ಮುಂದೆ ಹೋಗೋಕೆ ದಾರಿ ಇರಲಿಲ್ಲ. ಹೆಚ್ಚುಕಮ್ಮಿ ಅದೇ ದಿನಗಳಲ್ಲಿ ಇಂಥದೇ ಮೆಸೇಜಿಗೆ ಸಿಕ್ಕ ಟ್ವಿಲಿಯೋ ಕಂಪನಿಯ ಒಳಗೆ ಕಳ್ಳರು ಹೊಕ್ಕರು.

ಯಾಕೆ ಹೀಗೆ? ಕೀಯನ್ನು ಒಂದು ಸೈಟಿಗೆ ಸೇರಿಸಿದಾಗ ಅದು ಆ ಸೈಟಿಗೆ ಅಂತಲೇ ಒಂದು ಜೋಡಿ ಮಾಡುತ್ತದೆ. ಒಂದು ಭಾಗ ಸೈಟಿಗೆ ಕೊಡುತ್ತದೆ, ಇನ್ನೊಂದು ಕೀ ಒಳಗೇ ಉಳಿಯುತ್ತದೆ, ಹೊರಗೆ ಬರೋದೇ ಇಲ್ಲ. ಲಾಗಿನ್ ಆಗುವಾಗ ಸೈಟು ಪ್ರತಿ ಸಲ ಹೊಸದೊಂದು ಸವಾಲು ಕಳಿಸುತ್ತದೆ. ಬ್ರೌಸರು ತಾನು ಯಾವ ವಿಳಾಸದಲ್ಲಿ ನಿಂತಿದ್ದೇನೆ ಅನ್ನೋದನ್ನು ಅದರ ಜೊತೆ ತಾನೇ ಸೇರಿಸಿ ಕೀಗೆ ದಾಟಿಸುತ್ತದೆ, ಕೀ ಸಹಿ ಹಾಕಿ ಕೊಡುತ್ತದೆ. ನಕಲಿ ವಿಳಾಸಕ್ಕೆ ಜೋಡಿಯೇ ಇಲ್ಲ. ನೀವು ಚುಚ್ಚಿ, ಬೆರಳಿಟ್ಟು, ಗಂಟೆಗಟ್ಟಲೆ ಕೂತರೂ ಆ ಪೇಜಿಗೆ ಸಿಗುವಂಥದ್ದು ಏನೂ ಹುಟ್ಟೋದಿಲ್ಲ. ವಿಳಾಸದಲ್ಲಿ ಒಂದು ಅಕ್ಷರ ಹೆಚ್ಚುಕಮ್ಮಿ ಇರೋದನ್ನು ಹಿಡಿಯುವ ಕೆಲಸ ನಿಮ್ಮ ಕಣ್ಣಿನದಲ್ಲ, ಬ್ರೌಸರಿನದು. ಮೋಸ ಹೋಗೋದು ಮನುಷ್ಯ, ಬ್ರೌಸರು ಆ ಅಕ್ಷರ ತಪ್ಪಿ ಓದೋದಿಲ್ಲ.

ಗುಮ್ಮಟದ ಪ್ರತಿಧ್ವನಿ, ವಿಜಯಪುರ

ಒಂದು ಕೀಗೆ ಸಾವಿರಾರು ರೂಪಾಯಿ ಹೇಳ್ತಾರೆ. ಕಳೆದರೆ? ಎರಡು ಬೇಕು ಅಂತೀರಿ. ಅಷ್ಟು ದುಡ್ಡು ಕೊಟ್ಟು ನಮ್ಮ ಕಡೆ ಯಾರು ತಗೊಳ್ತಾರೆ?

ಕುಂದಾ ಪ್ರಿಯೆ, ಬೆಳಗಾವಿ

ಎರಡು ಬೇಕು, ಸುಳ್ಳು ಹೇಳೋದಿಲ್ಲ. ಒಂದು ಬೀಗದ ಗೊಂಚಲಿನಲ್ಲಿ, ಒಂದು ತಿಜೋರಿಯಲ್ಲಿ. ದುಡ್ಡು ಹಾಕೋಕೆ ಮನಸ್ಸಿಲ್ಲದಿದ್ದರೆ ಫೋನಿನಲ್ಲೇ ಪಾಸ್‌ಕೀ ಅಂತ ಇದೆ, ಬೆರಳಚ್ಚಿನಿಂದ ನಡೆಯುತ್ತದೆ, ಅದೂ ಸೈಟಿನ ವಿಳಾಸಕ್ಕೇ ಕಟ್ಟಿದ್ದು, ನಕಲಿ ಪೇಜಿನಲ್ಲಿ ಬಾಯಿ ಬಿಡೋದಿಲ್ಲ.

ಆದರೆ ಕೀ ತಗೊಂಡ ಎಷ್ಟೋ ಜನ ಮಾಡುವ ತಪ್ಪು ಬೇರೆ. ಕೀ ಸೇರಿಸ್ತಾರೆ, ಎಸ್ಸೆಮ್ಮೆಸ್ಸನ್ನೂ "ಇರಲಿ ಬಿಡು" ಅಂತ ಹಾಗೇ ಬಿಡ್ತಾರೆ. ಕಳ್ಳ ಲಾಗಿನ್ ಪೇಜಿನಲ್ಲಿ "ಬೇರೆ ವಿಧಾನ ಬಳಸಿ" ಅನ್ನೋದನ್ನು ಒತ್ತುತ್ತಾನೆ, ಎಸ್ಸೆಮ್ಮೆಸ್ ಆರಿಸಿಕೊಳ್ಳುತ್ತಾನೆ, ಮತ್ತೆ ಶನಿವಾರ ಸಂಜೆಯ ಕಥೆ. ಮುಂಬಾಗಿಲಿಗೆ ಉಕ್ಕಿನ ಪಟ್ಟಿ ಹೊಡೆದು ಹಿತ್ತಲಿನ ಬಾಗಿಲಿಗೆ ದಾರ ಕಟ್ಟಿದಂತೆ.

ತಮ್ಮಾ, ಕಾಕಾಗೆ ಮಾಡಿಕೊಡುವಾಗ ಈ ಸಾಲು ತಪ್ಪಿಸಬೇಡ: ಮೊದಲು ಎರಡೂ ಕೀ ಸೇರಿಸು, ಇಲ್ಲಾ ಒಂದು ಕೀ ಮತ್ತು ಆ್ಯಪ್. ಬ್ಯಾಕಪ್ ಕೋಡ್ ಕಾಗದದ ಮೇಲೆ ತೆಗೆ. ಬೇರೆ ಕಂಪ್ಯೂಟರಿನಿಂದ ಒಂದು ಸಲ ಲಾಗಿನ್ ಆಗಿ ನೋಡು. ಎಲ್ಲ ನಡೆದ ಮೇಲೆ ಎರಡನೇ ಹಂತದಿಂದ ನಂಬರ್ ತೆಗೆ, ಪಾಸ್‌ವರ್ಡ್ ಮರೆತಾಗ ಬಳಸುವ ಜಾಗದಿಂದಲೂ ತೆಗೆ. ಮೊದಲೇ ತೆಗೆದರೆ ಗೋಕಾಕದ ಅಣ್ಣನ ಪಾಡು.

ಘಟಪ್ರಭೆಯ ದಂಡೆ, ಗೋಕಾಕ

ನನ್ನನ್ನು ಉದಾಹರಣೆ ಮಾಡಿಬಿಟ್ರಲ್ಲ ಅಕ್ಕಾ 😀 ಹೋಗಲಿ. ಬ್ಯಾಂಕಿಗೆ ಏನು ಮಾಡೋದು? ನನ್ನ ಬ್ಯಾಂಕ್ ಎಸ್ಸೆಮ್ಮೆಸ್ ಬಿಟ್ಟು ಬೇರೆ ಏನೂ ಕೊಡೋದಿಲ್ಲ.

ಕುಂದಾ ಪ್ರಿಯೆ, ಬೆಳಗಾವಿ

ಅಲ್ಲಿ ನಮ್ಮ ಕೈಯಲ್ಲಿ ಜಾಸ್ತಿ ಇಲ್ಲ. ರಿಸರ್ವ್ ಬ್ಯಾಂಕ್ 2025ರ ಸೆಪ್ಟೆಂಬರಿನಲ್ಲಿ ಹೊಸ ನಿರ್ದೇಶನ ಹೊರಡಿಸಿತು, ಜಾರಿ ದಿನ 2026ರ ಏಪ್ರಿಲ್ 1. ಎರಡನೇ ಹಂತಕ್ಕೆ ಎಸ್ಸೆಮ್ಮೆಸ್ ಬಿಟ್ಟು ಬೇರೆ ವಿಧಾನಗಳಿಗೂ ಅದರಲ್ಲಿ ದಾರಿ ಇದೆ, ಎಸ್ಸೆಮ್ಮೆಸ್ಸನ್ನು ನಿಷೇಧಿಸಿಲ್ಲ. ನಿಮ್ಮ ಬ್ಯಾಂಕ್ ಏನು ಆರಿಸಿಕೊಳ್ಳುತ್ತದೆ ಅನ್ನೋದು ಅದಕ್ಕೆ ಬಿಟ್ಟಿದ್ದು. ನಾನಂತೂ ಬ್ಯಾಂಕಿಗೆ ಕೊಟ್ಟ ನಂಬರನ್ನು ಅಂಗಡಿ ಬೋರ್ಡಿನ ಮೇಲಾಗಲಿ ವಾಟ್ಸಾಪಿನಲ್ಲಾಗಲಿ ಎಲ್ಲೂ ಬಳಸೋದಿಲ್ಲ, ಬೇರೆಯೇ ಇಟ್ಟಿದ್ದೀನಿ.

ಗುಮ್ಮಟದ ಪ್ರತಿಧ್ವನಿ, ವಿಜಯಪುರ

ಆ ಬೇರೆ ನಂಬರನ್ನು ರೀಚಾರ್ಜ್ ಮಾಡದೆ ಬಿಟ್ಟರೆ ಕಂಪನಿ ಬಂದ್ ಮಾಡುತ್ತದೆ, 90 ದಿನ ಕಳೆದ ಮೇಲೆ ಇನ್ನೊಬ್ಬರಿಗೆ ಕೊಡಬಹುದು. ಆಗ ನಿಮ್ಮ ಒಟಿಪಿ ಯಾರೋ ಅಪರಿಚಿತರಿಗೆ. ಇದಕ್ಕೆ ಕಳ್ಳನೂ ಬೇಕಿಲ್ಲ.

ಕುಂದಾ ಪ್ರಿಯೆ, ಬೆಳಗಾವಿ

ಈ ಸಲ ಪೂರ್ತಿ ಸರಿ ಹೇಳಿದಿರಿ. ನಾನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ರೀಚಾರ್ಜ್ ಮಾಡ್ತೀನಿ.

ಕರದಂಟು ಹುಡುಗ, ಬಾಗಲಕೋಟೆ

ಎಲ್ಲರಿಗೂ ಥ್ಯಾಂಕ್ಸ್. ಮೇಲ್ ವಾಪಸ್ ಬಂದಿದೆ, ಒಂಬತ್ತು ದಿನ ಹಿಡಿಯಿತು. ಒಳಗೆ ನೋಡಿದರೆ "ಬಿಲ್" ಅಂತ ಬರುವ ಎಲ್ಲ ಮೇಲ್‌ಗಳನ್ನು ಬೇರೊಂದು ವಿಳಾಸಕ್ಕೆ ದಾಟಿಸುವ ಫಾರ್ವರ್ಡ್ ಹಾಕಿಟ್ಟಿದ್ದ, ಅದನ್ನು ತೆಗೆದೆ. ಒಂದು ಕೀ ತರಿಸಿದ್ದೇವೆ, ಜೊತೆಗೆ ಆ್ಯಪ್. ಕಾಕಾ ಕೀಯನ್ನು ತಿಜೋರಿ ಬೀಗದಕೈ ಜೊತೆ ಉಡಿದಾರಕ್ಕೆ ಕಟ್ಟಿಕೊಂಡಿದ್ದಾರೆ.

ಉಳಿದದ್ದು ಒಂದು. ಅವರು ಮಾಲು ಹಚ್ಚುವ ಇನ್ನೊಂದು ವ್ಯಾಪಾರದ ಸೈಟಿನಲ್ಲಿ ಆ್ಯಪ್ ಸೇರಿಸೋಕೆ ಬಂತು, ಆದರೆ ನಂಬರ್ ತೆಗೆಯೋಕೆ ಹೋದರೆ "ಕನಿಷ್ಠ ಒಂದು ಮೊಬೈಲ್ ನಂಬರ್ ಇರಲೇಬೇಕು" ಅನ್ನುತ್ತದೆ. ಕಾಕೂನ ನಂಬರ್ ಹಾಕಲಾ, ಅಥವಾ ಅದೂ ಬಿಲ್ ಬುಕ್ಕಿಗೆ ಹತ್ತಿರವೇ ಆಯ್ತಾ?